ಔಷಧ ಹಾಗೆಯೇ ಇದ್ದರೂ ಸೈಕ್ಲಿಕ್ ಎಎಂಪಿ ಏಕೆ ಇಳಿಯುತ್ತದೆ?

ಪ್ರಶ್ನೆ: ಎಂ.ಎಸ್ಸಿ. ಪ್ರಾಜೆಕ್ಟ್‌ಗಾಗಿ ಎಚ್‌ಇಕೆ 293 ಕೋಶಗಳಿಗೆ 1 ಮೈಕ್ರೊಮೋಲಾರ್ ಐಸೊಪ್ರೊಟೆರಿನಾಲ್ ಹಾಕಿ, ಕೋಶದೊಳಗೆ ಸಂಕೇತ ಸಾಗಿಸುವ ಸೈಕ್ಲಿಕ್ ಎಎಂಪಿ ಅಳೆದೆ. ಪ್ರತಿ ಮಿಲಿಗ್ರಾಂ ಪ್ರೋಟೀನಿಗೆ 4 ಪಿಕೊಮೋಲ್ ಇದ್ದದ್ದು 5ನೇ ನಿಮಿಷಕ್ಕೆ 100ಕ್ಕೆ ಏರಿತು, 30ನೇ ನಿಮಿಷಕ್ಕೆ 20ಕ್ಕೆ ಇಳಿಯಿತು. ನಾನು ಔಷಧವನ್ನು ತೊಳೆದು ತೆಗೆದಿಲ್ಲ. ಜಿ ಪ್ರೋಟೀನ್ ತಾನಾಗಿಯೇ ಆರುತ್ತದೆ, ಫಾಸ್ಫೊಡೈಎಸ್ಟರೇಸ್ ಸೈಕ್ಲಿಕ್ ಎಎಂಪಿಯನ್ನು ಒಡೆಯುತ್ತದೆ ಎಂದು ಪಠ್ಯದಲ್ಲಿ ಓದಿದ್ದೇನೆ. ಇಳಿಕೆಗೆ ಅದೇ ಕಾರಣವೇ? ಕಾರಣ ಯಾವುದೆಂದು ಪ್ರಯೋಗದಿಂದ ಹೇಗೆ ತಿಳಿಯುವುದು?

ಉತ್ತರ: ನೀವು ಹೆಸರಿಸಿದ ಎರಡೂ ಕ್ರಿಯೆಗಳು ಆ ಕೋಶಗಳಲ್ಲಿ ನಡೆಯುತ್ತಿವೆ, ಆದರೆ ನೀವು ಹೇಳಿದ ರೂಪದಲ್ಲಿ ಅವೆರಡೂ ಈ ಇಳಿಕೆಗೆ ಕಾರಣವಾಗಲಾರವು. ಎರಡೂ ಔಷಧ ಹಾಕಿದ ಮೊದಲ ನಿಮಿಷದಿಂದಲೇ ಕೆಲಸ ಮಾಡುತ್ತಿರುತ್ತವೆ. 5ನೇ ನಿಮಿಷದಲ್ಲೂ 30ನೇ ನಿಮಿಷದಲ್ಲೂ ಒಂದೇ ವೇಗದಲ್ಲಿ ನಡೆಯುವ ಕ್ರಿಯೆಯು ಆ ಎರಡು ಅಳತೆಗಳ ನಡುವಿನ ಐದು ಪಟ್ಟು ವ್ಯತ್ಯಾಸವನ್ನು ವಿವರಿಸಲು ಸಾಧ್ಯವಿಲ್ಲ. ಈ ನಡುವೆ ಏನು ಬದಲಾಯಿತು ಎಂಬುದನ್ನೇ ನಾವು ಹುಡುಕಬೇಕು.

ಮೊದಲು ಜಿ ಪ್ರೋಟೀನಿನ ವಿಷಯ. ಐಸೊಪ್ರೊಟೆರಿನಾಲ್ ಬೀಟಾ-2 ರಿಸೆಪ್ಟರಿನಲ್ಲಿ ಕುಳಿತಾಗ, ಪೊರೆಯನ್ನು ಏಳು ಬಾರಿ ದಾಟುವ ಆ ಪ್ರೋಟೀನಿನ ಆರನೆಯ ಸುರುಳಿಯು ಒಳಬದಿಯಲ್ಲಿ ಹೊರಕ್ಕೆ ವಾಲುತ್ತದೆ. ಹಾಗೆ ತೆರೆದ ಸಂದಿಯಲ್ಲಿ ಜಿಎಸ್ ಎಂಬ ಜಿ ಪ್ರೋಟೀನಿನ ಆಲ್ಫಾ ಉಪಘಟಕದ ತುದಿ ಸೇರಿಕೊಳ್ಳುತ್ತದೆ, ಅದು ಹಿಡಿದಿದ್ದ ಜಿಡಿಪಿ ಕಳಚಿಕೊಳ್ಳುತ್ತದೆ, ಆ ಜಾಗಕ್ಕೆ ಜಿಟಿಪಿ ಬರುತ್ತದೆ. ಜಿಟಿಪಿ ಹಿಡಿದ ಆಲ್ಫಾ ಉಪಘಟಕವು ಅಡೆನಿಲೈಲ್ ಸೈಕ್ಲೇಸ್ ಎಂಬ ಕಿಣ್ವವನ್ನು ಚುರುಕುಗೊಳಿಸುತ್ತದೆ, ಆ ಕಿಣ್ವ ಎಟಿಪಿಯಿಂದ ಸೈಕ್ಲಿಕ್ ಎಎಂಪಿ ತಯಾರಿಸುತ್ತದೆ. ಆಲ್ಫಾ ಉಪಘಟಕವು ತನ್ನ ಜಿಟಿಪಿಯನ್ನು ತಾನೇ ಒಡೆದು ಆರಿಹೋಗುತ್ತದೆ ಎಂಬುದು ನಿಜ. ಶುದ್ಧೀಕರಿಸಿದ ಜಿಎಸ್ ಆಲ್ಫಾ ಕೊಳವೆಯಲ್ಲಿ ಈ ಕೆಲಸವನ್ನು ನಿಮಿಷಕ್ಕೆ ಮೂರು-ನಾಲ್ಕು ಬಾರಿಯ ವೇಗದಲ್ಲಿ ಮಾಡುತ್ತದೆ; ಅಂದರೆ ಒಮ್ಮೆ ಹೊತ್ತಿದ ಉಪಘಟಕದ ಆಯುಸ್ಸು ಸರಾಸರಿ ಹದಿನೈದು-ಇಪ್ಪತ್ತು ಸೆಕೆಂಡುಗಳು. ಆದರೆ ರಿಸೆಪ್ಟರಿನಲ್ಲಿ ಔಷಧ ಇರುವವರೆಗೆ ಆರಿದ ಉಪಘಟಕವನ್ನು ಅದು ಮತ್ತೆ ಮತ್ತೆ ಹೊತ್ತಿಸುತ್ತಲೇ ಇರುತ್ತದೆ. ಹೊತ್ತುವಿಕೆಯೂ ಆರುವಿಕೆಯೂ ಹೀಗೆ ಏಕಕಾಲದಲ್ಲಿ ನಡೆದು, ಒಂದು ನಿಮಿಷದೊಳಗೆ ಎರಡೂ ಸರಿತೂಗುವ ಒಂದು ಮಟ್ಟಕ್ಕೆ ಬಂದು ನಿಲ್ಲುತ್ತವೆ. ಈ ಆರುವಿಕೆಯಿಂದಾಗಿ ಸಂಕೇತವು ಸದಾ ರಿಸೆಪ್ಟರಿನ ಹಿಡಿತದಲ್ಲಿರುತ್ತದೆ. ರಿಸೆಪ್ಟರ್ ನಿಂತರೆ ಸಂಕೇತವೂ ಬೇಗ ನಿಲ್ಲುತ್ತದೆ. ರಿಸೆಪ್ಟರ್ ನಿಲ್ಲದಿದ್ದರೆ ಆರುವಿಕೆಯೊಂದರಿಂದಲೇ ಸಂಕೇತ ತಗ್ಗುವುದಿಲ್ಲ.

ಕಾಲರಾ ವಿಷವು ಇದನ್ನೇ ತಿರುಗುಮುರುಗಾಗಿ ತೋರಿಸುತ್ತದೆ. ಆ ವಿಷವು ಜಿಎಸ್ ಆಲ್ಫಾದ ಒಂದು ಆರ್ಜಿನಿನ್‌ಗೆ ಎಡಿಪಿ-ರೈಬೋಸ್ ಅಂಟಿಸಿ ಜಿಟಿಪಿ ಒಡೆಯುವ ಶಕ್ತಿಯನ್ನೇ ಕೆಡಿಸುತ್ತದೆ. ಆಗ ಹೊತ್ತಿದ್ದು ಆರುವುದಿಲ್ಲ, ರಿಸೆಪ್ಟರಿನ ಅಪ್ಪಣೆಗೂ ಕಾಯುವುದಿಲ್ಲ; ಕರುಳಿನ ಕೋಶಗಳಲ್ಲಿ ಸೈಕ್ಲಿಕ್ ಎಎಂಪಿ ಏರಿದಲ್ಲೇ ಇದ್ದು, ಕ್ಲೋರೈಡ್ ಮತ್ತು ಅದರ ಹಿಂದೆ ನೀರು ಹೊರಕ್ಕೆ ಹರಿಯುತ್ತವೆ.

ಇನ್ನು ಫಾಸ್ಫೊಡೈಎಸ್ಟರೇಸ್. ತಳದಲ್ಲಿ ತೂತಿರುವ ತೊಟ್ಟಿಗೆ ನಲ್ಲಿ ಬಿಟ್ಟರೆ ನೀರು ಏರುತ್ತದೆ. ನೀರು ಏರಿದಷ್ಟೂ ತೂತಿನಿಂದ ಹರಿದುಹೋಗುವುದೂ ಹೆಚ್ಚುತ್ತದೆ. ಎರಡೂ ಸಮವಾದಲ್ಲಿ ಮಟ್ಟ ನಿಲ್ಲುತ್ತದೆ. ಅಲ್ಲಿಂದ ಮುಂದೆ ನೀರು ಇಳಿಯಬೇಕಾದರೆ ನಲ್ಲಿ ಸಣ್ಣದಾಗಬೇಕು, ಇಲ್ಲವೇ ತೂತು ದೊಡ್ಡದಾಗಬೇಕು. ತೂತು ಇದೆ ಎಂಬುದಷ್ಟೇ ಇಳಿಕೆಗೆ ಕಾರಣವಲ್ಲ. ಸೈಕ್ಲಿಕ್ ಎಎಂಪಿಯ ಪ್ರಮಾಣ ತೀರಾ ಹೆಚ್ಚಿಲ್ಲದಾಗ ಒಡೆಯುವ ವೇಗವು ಅದರ ಪ್ರಮಾಣಕ್ಕೆ ಅನುಪಾತದಲ್ಲಿರುತ್ತದೆ, ಆದ್ದರಿಂದ ಲೆಕ್ಕವನ್ನು ಹೀಗೆ ಬರೆಯಬಹುದು:

```
dC/dt = P − k·C
```

ಇಲ್ಲಿ C ಎಂದರೆ ಸೈಕ್ಲಿಕ್ ಎಎಂಪಿಯ ಪ್ರಮಾಣ, P ಎಂದರೆ ಉತ್ಪಾದನೆಯ ವೇಗ, k ಎಂದರೆ ಒಡೆಯುವಿಕೆಯ ದರಾಂಕ. ನಿಮ್ಮ ಅಂಕಿಗಳನ್ನೇ ಇದಕ್ಕೆ ಹಾಕಿ ನೋಡೋಣ. ಶಿಖರದಲ್ಲಿ, ಅಂದರೆ 5ನೇ ನಿಮಿಷದ ಸುಮಾರಿಗೆ, ರೇಖೆ ಏರುತ್ತಲೂ ಇಲ್ಲ, ಇಳಿಯುತ್ತಲೂ ಇಲ್ಲ. ಹಾಗಾಗಿ ಆ ಕ್ಷಣದಲ್ಲಿ ಉತ್ಪಾದನೆಯ ವೇಗ 100k. 30ನೇ ನಿಮಿಷದಲ್ಲಿ ರೇಖೆ ಹೆಚ್ಚುಕಡಿಮೆ ಚಪ್ಪಟೆಯಾಗಿದ್ದರೆ ಉತ್ಪಾದನೆಯ ವೇಗ ಆಗಿನ k ಯ 20 ಪಟ್ಟು. ಒಡೆಯುವಿಕೆ ಬದಲಾಗಿಲ್ಲ ಎಂದಾದರೆ ಉತ್ಪಾದನೆ ಐದನೇ ಒಂದು ಭಾಗಕ್ಕೆ ಕುಸಿದಿದೆ. ಉತ್ಪಾದನೆ ಬದಲಾಗಿಲ್ಲ ಎಂದಾದರೆ ಒಡೆಯುವಿಕೆ ಐದು ಪಟ್ಟಾಗಿದೆ. ಒಡೆಯುವಿಕೆ ಎರಡು ಪಟ್ಟಾಗಿದ್ದರೆ ಉತ್ಪಾದನೆ ಐದನೇ ಎರಡು ಭಾಗಕ್ಕೆ ಬಂದಿದೆ. ನೀವು ಅಳೆದ ಒಂದೇ ರೇಖೆ ಈ ಮೂರಕ್ಕೂ ಹೊಂದುತ್ತದೆ. ಆದ್ದರಿಂದ ಅದೇ ರೇಖೆಯನ್ನು ಎಷ್ಟು ಸಲ ಮತ್ತೆ ಅಳೆದರೂ ನಿಮ್ಮ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ.

ಈ ಇಪ್ಪತ್ತೈದು ನಿಮಿಷಗಳಲ್ಲಿ ನಿಜಕ್ಕೂ ಬದಲಾಗಬಲ್ಲವು ಯಾವುವು? ನಲ್ಲಿಯ ಕಡೆಯಲ್ಲಿ ಮುಖ್ಯವಾದದ್ದು ರಿಸೆಪ್ಟರ್ ದಣಿಯುವುದು. ಔಷಧ ಹಿಡಿದು ಕ್ರಿಯಾಶೀಲವಾಗಿರುವ ರಿಸೆಪ್ಟರಿನ ಒಳಬಾಲಕ್ಕೆ ಜಿಆರ್‌ಕೆ ಎಂಬ ಕೈನೇಸ್‌ಗಳು ಫಾಸ್ಫೇಟ್ ಸೇರಿಸುತ್ತವೆ. ಆ ಗುರುತನ್ನು ಕಂಡು ಬೀಟಾ-ಅರೆಸ್ಟಿನ್ ಎಂಬ ಪ್ರೋಟೀನ್ ಬಂದು ಅಂಟಿಕೊಳ್ಳುತ್ತದೆ, ಜಿ ಪ್ರೋಟೀನ್ ಕೂರಬೇಕಾದ ಜಾಗವನ್ನು ಅದು ಆಕ್ರಮಿಸುತ್ತದೆ, ಮತ್ತು ರಿಸೆಪ್ಟರನ್ನು ಕ್ಲ್ಯಾಥ್ರಿನ್ ಹೊದಿಕೆಯ ಕುಳಿಗಳ ಮೂಲಕ ಪೊರೆಯಿಂದ ಒಳಕ್ಕೆ ಎಳೆಸುತ್ತದೆ. ಫಾಸ್ಫೇಟ್ ಸೇರುವುದು ಒಂದೆರಡು ನಿಮಿಷಗಳೊಳಗಿನ ಕೆಲಸ. ಒಳಕ್ಕೆ ಹೋಗುವುದಕ್ಕೆ ಅದಕ್ಕಿಂತ ಹೆಚ್ಚು, ಸುಮಾರು ಹತ್ತಿಪ್ಪತ್ತು ನಿಮಿಷ ಹಿಡಿಯುತ್ತದೆ. ತೂತಿನ ಕಡೆಯಲ್ಲಿ ಆಗುವ ಬದಲಾವಣೆ ಸೈಕ್ಲಿಕ್ ಎಎಂಪಿಯಿಂದಲೇ ಹುಟ್ಟುತ್ತದೆ: ಏರಿದ ಸೈಕ್ಲಿಕ್ ಎಎಂಪಿ ಪ್ರೋಟೀನ್ ಕೈನೇಸ್ ಎ ಕಿಣ್ವವನ್ನು ಎಬ್ಬಿಸುತ್ತದೆ, ಅದು ನಾಲ್ಕನೆಯ ಕುಟುಂಬದ ಫಾಸ್ಫೊಡೈಎಸ್ಟರೇಸ್‌ನ ಉದ್ದ ರೂಪಗಳಿಗೆ ಫಾಸ್ಫೇಟ್ ಸೇರಿಸಿ ಅವನ್ನು ಚುರುಕುಗೊಳಿಸುತ್ತದೆ. ತನ್ನನ್ನು ಒಡೆಯುವ ಕಿಣ್ವವನ್ನು ಸೈಕ್ಲಿಕ್ ಎಎಂಪಿ ಹೀಗೆ ತಾನೇ ಬಲಪಡಿಸುತ್ತದೆ. ಬೀಟಾ-ಅರೆಸ್ಟಿನ್ ಇದೇ ಫಾಸ್ಫೊಡೈಎಸ್ಟರೇಸನ್ನು ಹಿಡಿದು ರಿಸೆಪ್ಟರಿನ ಬಳಿಗೂ ತರುತ್ತದೆ. ಆದ್ದರಿಂದ ನಲ್ಲಿ ಸಣ್ಣದಾಗುವುದೂ ತೂತು ದೊಡ್ಡದಾಗುವುದೂ ಒಂದೇ ಜಾಗದಲ್ಲಿ ಒಟ್ಟಿಗೆ ಆಗಬಹುದು. ನಿಮ್ಮ ಕೋಶಗಳಲ್ಲಿ ಎರಡೂ ಕೂಡಿಯೇ ಕೆಲಸ ಮಾಡುತ್ತಿರಬೇಕೆಂಬುದು ನನ್ನ ಅಂದಾಜು. ಯಾವುದು ಎಷ್ಟು ಎಂಬುದನ್ನು ಅಳೆದೇ ತಿಳಿಯಬೇಕು.

ಆದರೆ ಅದಕ್ಕೂ ಮೊದಲು ಒಂದು ಸಾಮಾನ್ಯ ಸಂಗತಿಯನ್ನು ಖಚಿತಪಡಿಸಿಕೊಳ್ಳಿ: ತೊಳೆದು ತೆಗೆದಿಲ್ಲ ಎಂದ ಮಾತ್ರಕ್ಕೆ ಔಷಧ ಅಲ್ಲಿಯೇ ಇದೆ ಎಂದಾಗುವುದಿಲ್ಲ. ಐಸೊಪ್ರೊಟೆರಿನಾಲ್ ಒಂದು ಕ್ಯಾಟೆಕಾಲ್. ಗಾಳಿಯ ಆಮ್ಲಜನಕ ತಾಗಿದರೆ ಅದು ಕೆಡುತ್ತದೆ, ಕೆಟ್ಟ ದ್ರಾವಣ ನಸುಗೆಂಪಿಗೆ ತಿರುಗುತ್ತದೆ. ನಾನು ಸಂಶೋಧನೆಗೆ ಸೇರಿದ ಹೊಸತರಲ್ಲಿ ಕೆಲವು ವಾರ ರಿಸೆಪ್ಟರ್ ದಣಿಯುತ್ತಿದೆ ಎಂದೇ ಬರೆದುಕೊಂಡಿದ್ದೆ. ಒಂದು ದಿನ ಬಿಳಿ ಕಾಗದದ ಮೇಲೆ ಸ್ಟಾಕ್ ಕೊಳವೆಯನ್ನು ಹಿಡಿದು ನೋಡಿದಾಗ ಅದರಲ್ಲಿ ತೆಳುವಾದ ಗುಲಾಬಿ ಬಣ್ಣ ಕಂಡಿತು, ಹೊಸ ದ್ರಾವಣದಲ್ಲಿ ರೇಖೆಯ ಆಕಾರವೇ ಬದಲಾಯಿತು. ಪ್ರತಿ ದಿನ ಹೊಸದಾಗಿ ಕರಗಿಸಿ, ಆಸ್ಕಾರ್ಬಿಕ್ ಆಮ್ಲ ಸೇರಿಸಿ, ಬೆಳಕು ಬೀಳದಂತೆ ಮಂಜುಗಡ್ಡೆಯಲ್ಲಿ ಇಡಿ. ಪರೀಕ್ಷೆಯೂ ಸುಲಭ: 30 ನಿಮಿಷ ಕೋಶಗಳ ಮೇಲಿದ್ದ ಮಾಧ್ಯಮವನ್ನು ತೆಗೆದು, ಔಷಧವನ್ನೇ ಕಾಣದ ಹೊಸ ಕೋಶಗಳಿಗೆ ಹಾಕಿ 5 ನಿಮಿಷಕ್ಕೆ ಅಳೆಯಿರಿ. ಅಲ್ಲಿ ಮತ್ತೆ 100ರ ಆಸುಪಾಸು ಬಂದರೆ ಔಷಧ ಸಾಕಷ್ಟಿದೆ, ಬದಲಾವಣೆ ಆಗಿರುವುದು ಕೋಶದೊಳಗೆ. ಕೋಶಗಳು ಸೈಕ್ಲಿಕ್ ಎಎಂಪಿಯನ್ನು ಹೊರಕ್ಕೂ ಪಂಪ್ ಮಾಡುತ್ತವೆ, ಆದ್ದರಿಂದ ಒಮ್ಮೆಯಾದರೂ ಮಾಧ್ಯಮದಲ್ಲಿರುವುದನ್ನೂ ಪ್ರತ್ಯೇಕವಾಗಿ ಅಳೆದು ನೋಡಿ.

ಮುಂದಿನ ಹೆಜ್ಜೆ ತೂತನ್ನು ಮುಚ್ಚುವುದು. ಫಾಸ್ಫೊಡೈಎಸ್ಟರೇಸ್‌ಗೆ ಅಡ್ಡಿ ಮಾಡುವ ಐಬಿಎಂಎಕ್ಸ್ ಎಂಬ ಸಂಯುಕ್ತವು ಕೆಫೀನ್‌ನ ಬಂಧು. ಸೈಕ್ಲಿಕ್ ಎಎಂಪಿಯನ್ನು ಕಂಡುಹಿಡಿದು 1971ರಲ್ಲಿ ನೊಬೆಲ್ ಪಡೆದ ಅರ್ಲ್ ಸದರ್ಲ್ಯಾಂಡ್ ಅವರ ಪ್ರಯೋಗಶಾಲೆಯಲ್ಲಿಯೇ ಕೆಫೀನ್ ಜಾತಿಯ ವಸ್ತುಗಳು ಈ ಕಿಣ್ವವನ್ನು ತಡೆಯುತ್ತವೆಂದು ತಿಳಿದುಬಂದಿತ್ತು. ಐಸೊಪ್ರೊಟೆರಿನಾಲ್ ಹಾಕುವ ಹದಿನೈದು ನಿಮಿಷ ಮುಂಚೆ ಐಬಿಎಂಎಕ್ಸ್ ಹಾಕಿದರೆ ಒಡೆಯುವಿಕೆ ಬಹುಪಾಲು ನಿಲ್ಲುತ್ತದೆ. ಆಗ ಅಳೆದ ಪ್ರಮಾಣ ಎಂದರೆ ಅಲ್ಲಿಯವರೆಗೆ ತಯಾರಾದುದರ ಒಟ್ಟು ಮೊತ್ತ, ಮತ್ತು ರೇಖೆಯ ಓರೆ ಎಂದರೆ ಆ ಹೊತ್ತಿನ ಉತ್ಪಾದನೆಯ ವೇಗ. ವಿದ್ಯಾರ್ಥಿಗಳು ಹೆಚ್ಚಾಗಿ ತಪ್ಪುವುದು ಇಲ್ಲಿಯೇ. ಐಬಿಎಂಎಕ್ಸ್ ಇದ್ದಾಗ ಸೈಕ್ಲಿಕ್ ಎಎಂಪಿ ಇಳಿಯಲಿಲ್ಲ, ಆದ್ದರಿಂದ ಇಳಿಕೆಗೆ ಫಾಸ್ಫೊಡೈಎಸ್ಟರೇಸೇ ಕಾರಣ ಎಂದು ಬರೆದುಬಿಡುತ್ತಾರೆ. ತೂತು ಮುಚ್ಚಿದ ತೊಟ್ಟಿಯಲ್ಲಿ ನಲ್ಲಿಯನ್ನು ಪೂರ್ತಿ ನಿಲ್ಲಿಸಿದರೂ ನೀರು ಇಳಿಯುವುದಿಲ್ಲ. ನೋಡಬೇಕಾದದ್ದು ಎತ್ತರವನ್ನಲ್ಲ, ಓರೆಯನ್ನು.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಐಬಿಎಂಎಕ್ಸ್ ಇರುವಾಗ ಆರಂಭದಲ್ಲಿ 10, 5ನೇ ನಿಮಿಷಕ್ಕೆ 310, 10ನೇ ನಿಮಿಷಕ್ಕೆ 460, 20ನೇ ನಿಮಿಷಕ್ಕೆ 580, 30ನೇ ನಿಮಿಷಕ್ಕೆ 640 ಬಂದಿತೆಂದುಕೊಳ್ಳಿ. ಮೊದಲ ಐದು ನಿಮಿಷ ಉತ್ಪಾದನೆ ನಿಮಿಷಕ್ಕೆ 60, ಮುಂದಿನ ಐದರಲ್ಲಿ 30, ಅದರ ಮುಂದಿನ ಹತ್ತರಲ್ಲಿ 12, ಕೊನೆಯ ಹತ್ತರಲ್ಲಿ 6. ಪ್ರಮಾಣ ಏರುತ್ತಲೇ ಇದ್ದರೂ ನಲ್ಲಿ ಹತ್ತನೇ ಒಂದು ಭಾಗಕ್ಕೆ ಸಣ್ಣದಾಗಿದೆ ಎಂದು ಈ ರೇಖೆ ಹೇಳುತ್ತಿದೆ. ಇದರ ಬದಲು ರೇಖೆ 30 ನಿಮಿಷವೂ ನೆಟ್ಟಗೆ ಏರಿದರೆ ಉತ್ಪಾದನೆ ಕುಗ್ಗಿಲ್ಲ, ನಿಮ್ಮ ಮೂಲ ರೇಖೆಯ ಇಳಿಕೆಗೆ ಒಡೆಯುವಿಕೆ ಬಲಗೊಂಡದ್ದೇ ಕಾರಣ. ಎಚ್ಚರಿಕೆಯ ಮಾತೊಂದಿದೆ: ತೂತು ಮುಚ್ಚಿದಾಗ ಸೈಕ್ಲಿಕ್ ಎಎಂಪಿ ಸಹಜಕ್ಕಿಂತ ಹೆಚ್ಚಾಗುತ್ತದೆ, ಪ್ರೋಟೀನ್ ಕೈನೇಸ್ ಎ ಇನ್ನಷ್ಟು ಕೆರಳುತ್ತದೆ, ಅದು ರಿಸೆಪ್ಟರಿಗೂ ಫಾಸ್ಫೇಟ್ ಸೇರಿಸುವುದರಿಂದ ದಣಿವು ಮೂಲ ಪ್ರಯೋಗದಲ್ಲಿ ಆದುದಕ್ಕಿಂತ ಹೆಚ್ಚಾಗಿ ಕಾಣಬಹುದು. ಜೊತೆಗೆ ಐಬಿಎಂಎಕ್ಸ್ ಅಡೆನೊಸಿನ್ ರಿಸೆಪ್ಟರುಗಳನ್ನೂ ತಡೆಯುತ್ತದೆ. ಆದ್ದರಿಂದ ಕೋಶ ಬೆಳೆಸುವ ತಟ್ಟೆಯಲ್ಲಿ ಐಬಿಎಂಎಕ್ಸ್ ಮಾತ್ರ ಹಾಕಿದ ಬಾವಿಗಳನ್ನು ಪ್ರತಿ ಸಮಯಕ್ಕೂ ಇಟ್ಟುಕೊಳ್ಳಿ. ನಾಲ್ಕನೆಯ ಕುಟುಂಬವನ್ನಷ್ಟೇ ತಡೆಯುವ ರೋಲಿಪ್ರಾಮ್‌ನಿಂದಲೂ ಹೆಚ್ಚುಕಡಿಮೆ ಇದೇ ರೇಖೆ ಬಂದರೆ ಒಡೆಯುವಿಕೆಯ ಬಹುಭಾಗ ಆ ಕುಟುಂಬದ್ದೇ ಎಂದು ತಿಳಿಯುತ್ತದೆ.

ಓರೆ ಕುಗ್ಗಿದೆ ಎಂದು ಕಂಡುಬಂದರೂ ದಣಿದದ್ದು ರಿಸೆಪ್ಟರೇ, ಜಿ ಪ್ರೋಟೀನೇ, ಸೈಕ್ಲೇಸೇ ಎಂಬ ಪ್ರಶ್ನೆ ಉಳಿಯುತ್ತದೆ. ಇದಕ್ಕೆ ಎರಡು ಬೇರೆ ಬಾಗಿಲುಗಳನ್ನು ತಟ್ಟಿ ನೋಡಬೇಕು. 30 ನಿಮಿಷ ಔಷಧ ಕಂಡ ಕೋಶಗಳನ್ನೂ ಕಾಣದ ಕೋಶಗಳನ್ನೂ ಚೆನ್ನಾಗಿ ತೊಳೆದು, ಎರಡಕ್ಕೂ ಐಬಿಎಂಎಕ್ಸ್ ಹಾಕಿ, ಒಂದು ಭಾಗಕ್ಕೆ ಹೊಸ ಐಸೊಪ್ರೊಟೆರಿನಾಲ್, ಇನ್ನೊಂದಕ್ಕೆ ಪ್ರೊಸ್ಟಾಗ್ಲಾಂಡಿನ್ ಇ1, ಮತ್ತೊಂದಕ್ಕೆ ಫೋರ್ಸ್ಕೋಲಿನ್ ಕೊಡಿ. ಪ್ರೊಸ್ಟಾಗ್ಲಾಂಡಿನ್ ಈ ಕೋಶಗಳಲ್ಲಿ ಸ್ವಾಭಾವಿಕವಾಗಿಯೇ ಇರುವ ಬೇರೊಂದು ರಿಸೆಪ್ಟರಿನ ಮೂಲಕ ಅದೇ ಜಿಎಸ್ ಪ್ರೋಟೀನನ್ನು ಹೊತ್ತಿಸುತ್ತದೆ. ಫೋರ್ಸ್ಕೋಲಿನ್ ರಿಸೆಪ್ಟರನ್ನು ಬಿಟ್ಟು ನೇರವಾಗಿ ಸೈಕ್ಲೇಸನ್ನು ಎಬ್ಬಿಸುತ್ತದೆ. ಐಸೊಪ್ರೊಟೆರಿನಾಲ್‌ಗೆ ಮಾತ್ರ ಉತ್ತರ ಕುಗ್ಗಿ ಉಳಿದೆರಡಕ್ಕೆ ಪೂರ್ತಿ ಉತ್ತರ ಬಂದರೆ ದಣಿವು ಬೀಟಾ-2 ರಿಸೆಪ್ಟರಿನದೇ, ಜಿಆರ್‌ಕೆ ಮತ್ತು ಅರೆಸ್ಟಿನ್ ಮೇಲಿನ ಅನುಮಾನ ಗಟ್ಟಿಯಾಗುತ್ತದೆ. ಐಸೊಪ್ರೊಟೆರಿನಾಲ್ ಮತ್ತು ಪ್ರೊಸ್ಟಾಗ್ಲಾಂಡಿನ್ ಎರಡಕ್ಕೂ ಕುಗ್ಗಿ ಫೋರ್ಸ್ಕೋಲಿನ್‌ಗೆ ಕುಗ್ಗದಿದ್ದರೆ, ಔಷಧ ಹಿಡಿಯದ ರಿಸೆಪ್ಟರುಗಳನ್ನೂ ಮುಟ್ಟುವ ಪ್ರೋಟೀನ್ ಕೈನೇಸ್ ಎ ಕಡೆ, ಇಲ್ಲವೇ ಜಿ ಪ್ರೋಟೀನಿನ ಕಡೆ ನೋಡಬೇಕು. ಮೂರಕ್ಕೂ ಕುಗ್ಗಿದರೆ ಸೈಕ್ಲೇಸ್ ಮೇಲೆಯೇ ಗಮನ ಇಡಬೇಕು. ಕೋಶಗಳ ಸಂಖ್ಯೆ ಮತ್ತು ಆರೋಗ್ಯವನ್ನೂ ಮತ್ತೊಮ್ಮೆ ಪರೀಕ್ಷಿಸಬೇಕು.

ಪ್ರೋಟೀನ್ ಕೈನೇಸ್ ಎ ಪಾತ್ರವನ್ನು ತಿಳಿಯಲು ಅನೇಕರು ಎಚ್-89 ಎಂಬ ತಡೆಗಾರಕವನ್ನು ಕೈಗೆತ್ತಿಕೊಳ್ಳುತ್ತಾರೆ. ನಿಮ್ಮ ಪ್ರಯೋಗಕ್ಕೆ ಅದು ಬೇಡವೆಂದು ಒತ್ತಿ ಹೇಳುತ್ತೇನೆ, ಏಕೆಂದರೆ ಸಾಮಾನ್ಯವಾಗಿ ಬಳಸುವ ಪ್ರಮಾಣದಲ್ಲಿ ಅದು ಬೀಟಾ ರಿಸೆಪ್ಟರಿನಲ್ಲಿಯೇ ಕುಳಿತು ಐಸೊಪ್ರೊಟೆರಿನಾಲ್‌ಗೆ ಅಡ್ಡ ಬರುತ್ತದೆ. ಆಗ ಶಿಖರ ತಗ್ಗಿದರೆ ಕೈನೇಸ್ ನಿಂತದ್ದರಿಂದಲೋ ರಿಸೆಪ್ಟರ್ ಮುಚ್ಚಿಹೋದದ್ದರಿಂದಲೋ ಎಂದು ಹೇಳಲು ಬರುವುದಿಲ್ಲ.

ಇಷ್ಟೆಲ್ಲದರ ನಡುವೆ ನಾನು ಅತ್ಯಂತ ನಂಬುವ ಪ್ರಯೋಗ ಬೇರೆ, ಅದು ಮೇಲಿನ ಸಮೀಕರಣದಿಂದ ನೇರವಾಗಿ ಹುಟ್ಟುತ್ತದೆ. ಐಬಿಎಂಎಕ್ಸ್ ಹಾಕದೆ, 5ನೇ ನಿಮಿಷದ ಶಿಖರದಲ್ಲಿ 10 ಮೈಕ್ರೊಮೋಲಾರ್ ಪ್ರೊಪ್ರನೊಲಾಲ್ ಸುರಿಯಿರಿ. ಬೀಟಾ ರಿಸೆಪ್ಟರನ್ನು ಅದು ಐಸೊಪ್ರೊಟೆರಿನಾಲ್‌ಗಿಂತ ಬಹಳ ಬಿಗಿಯಾಗಿ ಹಿಡಿಯುವುದರಿಂದ ಔಷಧವನ್ನು ಪಕ್ಕಕ್ಕೆ ತಳ್ಳುತ್ತದೆ. ಹೊತ್ತಿದ್ದ ಜಿ ಪ್ರೋಟೀನುಗಳು ಬೇಗನೆ ಆರುತ್ತವೆ, ಮತ್ತೆ ಹೊತ್ತಿಸುವವರು ಯಾರೂ ಇಲ್ಲ. ಅಂದರೆ ನಲ್ಲಿ ಬಹುತೇಕ ನಿಂತಿತು. ಆ ಬಳಿಕ ಸೈಕ್ಲಿಕ್ ಎಎಂಪಿ ಎಷ್ಟು ಬೇಗ ಅರ್ಧವಾಗುತ್ತದೆ ಎಂಬುದು ತೂತಿನ ಗಾತ್ರವನ್ನು, ಅಂದರೆ k ಯನ್ನು, ನೇರವಾಗಿ ಕೊಡುತ್ತದೆ. ಇದನ್ನೇ 30ನೇ ನಿಮಿಷದಲ್ಲಿ ಬೇರೆ ಬಾವಿಗಳಲ್ಲಿ ಮಾಡಿ. ಶಿಖರದಲ್ಲಿ ಅರ್ಧವಾಗಲು 60 ಸೆಕೆಂಡು, 30ನೇ ನಿಮಿಷದಲ್ಲಿ 30 ಸೆಕೆಂಡು ಬೇಕಾಯಿತೆಂದುಕೊಳ್ಳಿ. ಆಗ ಒಡೆಯುವಿಕೆ ಎರಡು ಪಟ್ಟಾಗಿದೆ, ಉತ್ಪಾದನೆ ಐದನೇ ಎರಡು ಭಾಗಕ್ಕೆ ಬಂದಿದೆ, ನಿಮ್ಮ 100 ಮತ್ತು 20ರ ಲೆಕ್ಕ ಸರಿಹೋಯಿತು. ಅರ್ಧವಾಗುವ ಸಮಯ ಎರಡೂ ಕಡೆ ಒಂದೇ ಆದರೆ ಇಡೀ ಇಳಿಕೆ ನಲ್ಲಿಯ ಕಡೆಯದು. ಅರ್ಧವಾಗುವ ಕಾಲವನ್ನು ಲೆಕ್ಕ ಹಾಕುವಾಗ, ಔಷಧವಿಲ್ಲದ ಕೋಶಗಳಲ್ಲೂ ಇರುವ 4ನ್ನು ಕಳೆಯಲು ಮರೆಯಬೇಡಿ.

ಈ ಪ್ರಯೋಗದಲ್ಲಿ ಕೈಯ ವೇಗವೇ ಕಷ್ಟ. ಪ್ರೊಪ್ರನೊಲಾಲ್ ಹಾಕಿದ ಮೇಲೆ 15, 30, 45, 60, 90 ಮತ್ತು 120ನೇ ಸೆಕೆಂಡುಗಳಿಗೆ ಕ್ರಿಯೆಯನ್ನು ನಿಲ್ಲಿಸಬೇಕು. ಮಾಧ್ಯಮವನ್ನು ಹೀರಿ ತೆಗೆದು 0.1 ನಾರ್ಮಲ್ ಹೈಡ್ರೊಕ್ಲೋರಿಕ್ ಆಮ್ಲ ಹಾಕಿದರೆ ಕಿಣ್ವಗಳೆಲ್ಲ ಅಲ್ಲಿಗೇ ನಿಲ್ಲುತ್ತವೆ, ಸೈಕ್ಲಿಕ್ ಎಎಂಪಿ ಉಳಿದುಕೊಳ್ಳುತ್ತದೆ. ಒಬ್ಬರೇ ಮಾಡಿದರೆ ಸಮಯ ಜಾರುತ್ತದೆ. ಒಬ್ಬರು ಗಡಿಯಾರ ನೋಡಿ ಎಣಿಸುತ್ತ ಇನ್ನೊಬ್ಬರು ಪಿಪೆಟ್ ಹಿಡಿದರೆ ಒಳ್ಳೆಯದು. ನಿಮ್ಮಲ್ಲಿ ಜೀವಂತ ಕೋಶದಲ್ಲಿಯೇ ಹೊಳಪಿನ ಮೂಲಕ ಅಳೆಯುವ ಸಂವೇದಕ ಇದ್ದರೆ ಈ ತೊಂದರೆಯಿಲ್ಲ, ಆದರೆ ಶಿಖರದಲ್ಲಿ ಸಂವೇದಕ ತುಂಬಿ ಚಪ್ಪಟೆಯಾಗಿಲ್ಲವೆಂದು ಫೋರ್ಸ್ಕೋಲಿನ್ ಮತ್ತು ಐಬಿಎಂಎಕ್ಸ್ ಒಟ್ಟಿಗೆ ಹಾಕಿ ಖಚಿತಪಡಿಸಿಕೊಳ್ಳಬೇಕು. ಇಳಿಯುವ ರೇಖೆಯ ಆಕಾರವನ್ನೂ ಗಮನಿಸಿ: ಪ್ರಮಾಣದ ಲಾಗರಿತಮ್ ಗುರುತಿಸಿದಾಗ ನೇರ ಗೆರೆ ಬರಬೇಕು. ಶಿಖರದ ಬಳಿ ಗೆರೆ ಚಪ್ಪಟೆಯಾಗಿ, ಕೆಳಗೆ ಬಂದಂತೆ ಕಡಿದಾದರೆ ಅಷ್ಟು ಸೈಕ್ಲಿಕ್ ಎಎಂಪಿಯನ್ನು ಒಡೆಯುವಷ್ಟು ಕಿಣ್ವ ಅಲ್ಲಿಲ್ಲ ಎಂದರ್ಥ. ಆಗ ಅನುಪಾತದ ಲೆಕ್ಕ ಹಿಡಿಯುವುದಿಲ್ಲ; ಐಸೊಪ್ರೊಟೆರಿನಾಲ್ ಪ್ರಮಾಣವನ್ನು ಹತ್ತನೇ ಒಂದಕ್ಕೆ ಇಳಿಸಿ ಮತ್ತೆ ಮಾಡಬೇಕು.

ಇದೇ ಪ್ರಯೋಗ ನೀವು ಕೇಳದ ಇನ್ನೊಂದು ಪ್ರಶ್ನೆಗೂ ದಾರಿ ತೋರಿಸುತ್ತದೆ: 30ನೇ ನಿಮಿಷದಲ್ಲಿ ಉಳಿದ 20 ಮೊದಲಿನ 4ಕ್ಕೆ ಏಕೆ ಬರಲಿಲ್ಲ? ಒಳಕ್ಕೆ ಹೋದ ರಿಸೆಪ್ಟರುಗಳು ಫಾಸ್ಫೇಟ್ ಕಳೆದುಕೊಂಡು ಮತ್ತೆ ಪೊರೆಗೆ ಮರಳುತ್ತಿರುತ್ತವೆ, ಆದ್ದರಿಂದ ಮೇಲ್ಮೈಯಲ್ಲಿ ಯಾವಾಗಲೂ ಸ್ವಲ್ಪ ಭಾಗ ಕೆಲಸಕ್ಕೆ ಸಿದ್ಧವಿರುತ್ತದೆ. ಒಳಗಿನ ಕೋಶಿಕೆಗಳ ಪೊರೆಯಲ್ಲಿಯೂ ಕ್ರಿಯಾಶೀಲ ಬೀಟಾ-2 ರಿಸೆಪ್ಟರ್ ಮತ್ತು ಜಿಎಸ್ ಕಂಡುಬಂದಿವೆ. ಪ್ರೊಪ್ರನೊಲಾಲ್ ಕೊಬ್ಬಿನಲ್ಲಿ ಕರಗುವಂಥದ್ದು, ಪೊರೆ ದಾಟಿ ಒಳಕ್ಕೂ ತಲುಪುತ್ತದೆ. ಸೋಟಲಾಲ್ ಕೂಡ ಬೀಟಾ ರಿಸೆಪ್ಟರನ್ನು ತಡೆಯುವಂಥದ್ದೇ, ಆದರೆ ನೀರಿನಲ್ಲಿ ಕರಗುವಂಥದ್ದು, ಬಹುಮಟ್ಟಿಗೆ ಹೊರಗೇ ಉಳಿಯುತ್ತದೆ. 30ನೇ ನಿಮಿಷದಲ್ಲಿ ಎರಡನ್ನೂ ಬೇರೆ ಬೇರೆ ಬಾವಿಗಳಿಗೆ ಹಾಕಿ ನೋಡಿ. ಸೋಟಲಾಲ್ ಬಿಗಿಯಾಗಿ ಹಿಡಿಯುವಂಥದ್ದಲ್ಲ, ಹಾಗಾಗಿ ಅದನ್ನು ಹೆಚ್ಚು ಪ್ರಮಾಣದಲ್ಲಿ ಬಳಸಬೇಕು, ಮತ್ತು ಐಸೊಪ್ರೊಟೆರಿನಾಲ್‌ಗಿಂತ ಮುಂಚೆಯೇ ಹಾಕಿದಾಗ ಅದು ಉತ್ತರವನ್ನು ಪೂರ್ತಿ ತಡೆಯುತ್ತದೆ ಎಂದು ಮೊದಲೇ ತೋರಿಸಿಕೊಂಡಿರಬೇಕು. ಎರಡರಲ್ಲೂ ಮಟ್ಟ 4ಕ್ಕೆ ಬಂದರೆ ಉಳಿದ ಸಂಕೇತ ಮೇಲ್ಮೈಯದು. ಪ್ರೊಪ್ರನೊಲಾಲ್‌ನಲ್ಲಿ 4ಕ್ಕೆ ಬಂದು ಸೋಟಲಾಲ್‌ನಲ್ಲಿ 10ರ ಬಳಿ ನಿಂತರೆ, ಆ ಹೆಚ್ಚಿನ ಭಾಗವನ್ನು ಹುಟ್ಟಿಸುತ್ತಿರುವ ರಿಸೆಪ್ಟರುಗಳು ಒಳಗಿರುವ ಸಾಧ್ಯತೆಯನ್ನು ನಿಮ್ಮ ಪ್ರಬಂಧದಲ್ಲಿ ಧೈರ್ಯವಾಗಿ ಚರ್ಚಿಸಬಹುದು.